ಮಕ್ಕಳ ಸಂತೆ ಮತ್ತು ಅಣಕು ಪೇಟೆ

ಹಣದ ಚಲನೆ, ಧಾರಣೆಯ ಏರಿಳಿತ ಮತ್ತು ನಷ್ಟದ ಸಂಭವ ಇವುಗಳನ್ನು ಹದಿಹರೆಯದ ವಿದ್ಯಾರ್ಥಿಗಳು ತಾವೇ ಕೊಳ್ಳುವವರೂ ಮಾರುವವರೂ ಆಗಿ ನಿಂತು ಅರಿಯುವಂತೆ ಏರ್ಪಡಿಸುವ ಕಲಿಕೆಯ ಕ್ರೀಡೆಗಳು. ಇವುಗಳಲ್ಲಿ ಮೊದಲನೆಯದು ನಿಜವಾದ ಸರಕು ಮತ್ತು ನಿಜವಾದ ರೊಕ್ಕದಿಂದ ಒಂದು ಹೊತ್ತಿನ ಮಟ್ಟಿಗೆ ನಡೆಯುವಂಥದು. ಎರಡನೆಯದು ಚೀಟಿ ಮತ್ತು ಲೆಕ್ಕದ ಹಾಳೆಗಳ ಮೇಲೆ ಒಂದು ಸುಗ್ಗಿಯ ಕಾಲವನ್ನೆಲ್ಲ ಒಂದೆರಡು ತಾಸಿನಲ್ಲಿ ಅಡಕಗೊಳಿಸುವಂಥದು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಜೋಳ ಬೆಳೆಯುವ ಒಕ್ಕಲು ಮನೆಗಳ ಮಕ್ಕಳಿಗೆ ಪೇಟೆಯೆಂಬುದು ಅಪರಿಚಿತವಲ್ಲ. ಹೊಳೆಆಲೂರಿನ ಮಾರುಕಟ್ಟೆಗೆ ತಂದೆಯ ಜೊತೆ ಚೀಲಗಳ ಮೇಲೆ ಕುಳಿತು ಹೋಗಿಬಂದ ಹುಡುಗನಿಗೆ ಅಲ್ಲಿಯ ಗದ್ದಲವು ಗೊತ್ತಿದ್ದರೂ, ಆ ದಿನದ ಧಾರಣೆ ಹೇಗೆ ಹುಟ್ಟಿತು, ಆ ದಿನವೇ ಮಾರಿದ್ದು ಲಾಭವೋ ನಷ್ಟವೋ ಎಂಬುದು ಮಾತ್ರ ಗೊತ್ತಿರುವುದಿಲ್ಲ.

ಮಕ್ಕಳ ಸಂತೆಯು ಕರ್ನಾಟಕದ ಶಾಲೆಗಳಲ್ಲಿ ಮೆಟ್ರಿಕ್ ಮೇಳವೆಂಬ ಹೆಸರಿನಿಂದಲೂ ಪ್ರಚಲಿತವಾಗಿದೆ. ತೂಕ, ಅಳತೆ, ಚಿಲ್ಲರೆ ಲೆಕ್ಕಗಳ ಅಭ್ಯಾಸಕ್ಕಾಗಿ ಹುಟ್ಟಿದ ಈ ಮೇಳದಲ್ಲಿ ಮಕ್ಕಳು ಮನೆಯ ಹೊಲದ ಮೆಂತೆ, ರಾಜಗಿರಿ, ಬದನೆ, ಮೆಣಸಿನಕಾಯಿಗಳನ್ನೂ, ಚುರುಮುರಿ ಮಿರ್ಚಿಗಳನ್ನೂ ಶಾಲೆಯ ಅಂಗಳದಲ್ಲಿ ಹರವಿ, ತಕ್ಕಡಿ ಹಿಡಿದು, ಊರವರಿಗೆ ಮಾರುತ್ತಾರೆ. ಧಾರಣೆಯೆಂಬುದು ಸರಕಿನ ಮೈಮೇಲೆ ಬರೆದಿರುವುದಲ್ಲ, ಗಿರಾಕಿಯ ಮತ್ತು ಮಾರುವವನ ನಡುವೆ ಆ ಕ್ಷಣದಲ್ಲಿ ಏರ್ಪಡುವುದೆಂಬ ಮಾತನ್ನು ಈ ಮೇಳವು ನಿಸ್ಸಂಶಯವಾಗಿ ಕಲಿಸುತ್ತದೆ: ಪಕ್ಕದ ಹುಡುಗಿ ಮೆಂತೆಯ ಸೂಡನ್ನು ಐದು ರೂಪಾಯಿಗೆ ಇಳಿಸಿದೊಡನೆ ತನ್ನ ಎಂಟು ರೂಪಾಯಿಯ ಸೂಡನ್ನು ಕೇಳುವವರಿಲ್ಲದಂತಾಗುವುದನ್ನೂ, ಮುಗಿಯುವ ವೇಳೆಗೆ ಬಾಡಿದ ಸೊಪ್ಪನ್ನು ಬಂದಷ್ಟಕ್ಕೆ ಕೊಡಬೇಕಾಗುವುದನ್ನೂ ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಆದರೆ ಈ ಸಂತೆಯ ಲೆಕ್ಕದಲ್ಲಿ ಒಂದು ದೊಡ್ಡ ದೋಷ ಅಡಗಿದೆ. ಸರಕು ಮನೆಯಿಂದ ಪುಕ್ಕಟೆಯಾಗಿ ಬಂದುದರಿಂದ ಸಂಜೆ ಕಿಸೆಯಲ್ಲಿ ಉಳಿದುದೆಲ್ಲವೂ ಲಾಭವೆಂದು ಹುಡುಗನು ಎಣಿಸುತ್ತಾನೆ. ಬೀಜ, ಆಳು, ಗೊಬ್ಬರಗಳಿಗೆ ತಂದೆ ವೆಚ್ಚಮಾಡಿದ್ದು ಅವನ ವಹಿಯಲ್ಲಿ ಕಾಣಿಸುವುದೇ ಇಲ್ಲ. ದೋಷವನ್ನು ಗುರುತಿಸುವ ಬಗೆ ಸುಲಭ: ಮೇಳದ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿಗೂ ನಷ್ಟವಾಗಿಲ್ಲವೆಂದರೆ ಅಲ್ಲಿ ಬಂಡವಾಳವನ್ನು ಲೆಕ್ಕಕ್ಕೆ ಹಿಡಿದಿಲ್ಲವೆಂದೇ ತಿಳಿಯಬೇಕು. ಮನೆಯ ಸರಕಿಗೂ ಅಂದಿನ ಪೇಟೆಯ ಧಾರಣೆ ಕಟ್ಟಿ ಅದನ್ನು ಉದ್ರಿಯಾಗಿ ಬರೆಸಿಕೊಂಡು, ಸಂಜೆ ಮೊದಲು ಆ ಬಾಕಿಯನ್ನು ತೀರಿಸಿ, ಉಳಿದುದನ್ನು ಮಾತ್ರ ಲಾಭವೆನ್ನುವ ಕಟ್ಟಳೆಯಿಂದ ಇದು ನೇರ್ಪಡುತ್ತದೆ. ಇಷ್ಟಾದರೂ ಕಾಲವೆಂಬುದು ಈ ಸಂತೆಯೊಳಗೆ ಪ್ರವೇಶಿಸುವುದಿಲ್ಲ. ಇಂದು ಮಾರಬೇಕೋ ಮೂರು ತಿಂಗಳು ಕಾಯಬೇಕೋ ಎಂಬ, ಒಕ್ಕಲಿಗನ ಬಾಳಿನ ಅತ್ಯಂತ ಕಠಿನವಾದ ಪ್ರಶ್ನೆ ಸೊಪ್ಪು ಮಾರುವವನಿಗೆ ಏಳುವಂತಿಲ್ಲ. ಅದಕ್ಕಾಗಿ ಅಣಕು ಪೇಟೆ ಬೇಕಾಗುತ್ತದೆ.

ಚೀಟಿಗಳಿಂದ ಪೇಟೆಯನ್ನು ಅನುಕರಿಸುವ ಪದ್ಧತಿಗೆ ಖ್ಯಾತಿ ಬಂದುದು ಅಮೆರಿಕದಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಎಡ್ವರ್ಡ್ ಚೇಂಬರ್ಲಿನ್ ಎಂಬ ಅರ್ಥಶಾಸ್ತ್ರಜ್ಞನು ವಿದ್ಯಾರ್ಥಿಗಳಿಗೆ ಗುಟ್ಟಿನ ಚೀಟಿಗಳನ್ನು ಹಂಚಿ, ಮಾರುವವನಿಗೆ ಇಷ್ಟಕ್ಕಿಂತ ಕಡಿಮೆಗೆ ಕೊಡಬಾರದೆಂದೂ ಕೊಳ್ಳುವವನಿಗೆ ಇಷ್ಟಕ್ಕಿಂತ ಹೆಚ್ಚು ತೆರಬಾರದೆಂದೂ ವಿಧಿಸಿ, ಕೋಣೆಯಲ್ಲಿ ಅಡ್ಡಾಡುತ್ತ ಚೌಕಾಶಿ ಮಾಡಲು ಬಿಟ್ಟು, ಅದರ ಫಲವನ್ನು 1948ರಲ್ಲಿ ಪ್ರಕಟಿಸಿದನು. ಅವನ ತರಗತಿಯಲ್ಲಿ ಕುಳಿತಿದ್ದ ವರ್ನನ್ ಸ್ಮಿತ್, ಮುಂದೆ ತಾನು ಅಧ್ಯಾಪಕನಾದಾಗ, ಎರಡು ಮಾರ್ಪಾಟುಗಳನ್ನು ಮಾಡಿದನು: ಪ್ರತಿಯೊಂದು ಬೇಡಿಕೆಯನ್ನೂ ಎಲ್ಲರಿಗೂ ಕೇಳಿಸುವಂತೆ ಕೂಗಬೇಕು, ಅದೇ ಚೀಟಿಗಳಿಂದ ಆಟವನ್ನು ಹಲವು ‘ದಿನ’ ಮರಳಿ ಮರಳಿ ಆಡಬೇಕು. ಚೇಂಬರ್ಲಿನ್ನನ ಆಟದಲ್ಲಿ ಚೆದರಿಹೋಗುತ್ತಿದ್ದ ಧಾರಣೆಯು ಸ್ಮಿತ್ತನ ಆಟದಲ್ಲಿ ಕೆಲವೇ ಸುತ್ತುಗಳಲ್ಲಿ ಒಂದೆಡೆಗೆ ಬಂದು ನೆಲೆಸತೊಡಗಿತು. ಈ ಪ್ರಯೋಗಗಳನ್ನು 1962ರಲ್ಲಿ ಪ್ರಕಟಿಸಿದ ಸ್ಮಿತ್ತನಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಕರ್ನಾಟಕದ ಕೃಷಿ ಮಾರುಕಟ್ಟೆಗಳ ಹಳೆಯ ಸವಾಲಿಗೂ ಇಂದಿನ ಗಣಕಯಂತ್ರದ ಟೆಂಡರಿಗೂ ಇರುವ ಅಂತರವನ್ನು ಇದೇ ಚೀಟಿಗಳಿಂದ ತೋರಿಸಬಹುದು: ಸವಾಲಿನಲ್ಲಿ ಒಬ್ಬನ ಕೂಗು ಇನ್ನೊಬ್ಬನಿಗೆ ಕೇಳಿಸುತ್ತದೆ, ಟೆಂಡರಿನಲ್ಲಿ ಖರೀದಿದಾರನು ರಾಶಿಯನ್ನು ಕಂಡು, ಅದರ ಲಾಟ್ ಸಂಖ್ಯೆಗೆ ತನ್ನ ಧಾರಣೆಯನ್ನು ಇತರರಿಗೆ ತಿಳಿಯದಂತೆ ನಮೂದಿಸುತ್ತಾನೆ.

ಇನ್ನು ಕಾಲ ಮತ್ತು ಸಾಲಗಳನ್ನು ಒಳಗೊಂಡ ಆಟವೊಂದನ್ನು ರೋಣದ ಸೀಮೆಗೆ ಹೊಂದುವಂತೆ ವಿವರಿಸುವುದು ಉಚಿತ. ಅಂಕಿಗಳು ಆಟಕ್ಕಾಗಿ ಕಲ್ಪಿಸಿದವು. ಆಯಾ ವರ್ಷದ ಪೇಟೆಯನ್ನು ನೋಡಿ ಬದಲಿಸಿಕೊಳ್ಳತಕ್ಕವು. ತರಗತಿಯನ್ನು ಎಂಟು ‘ಮನೆ’ಗಳಾಗಿ ವಿಭಾಗಿಸಲಾಗುತ್ತದೆ. ಪ್ರತಿಯೊಂದು ಮನೆಯೂ ನಾಲ್ಕು ಎಕರೆಯಲ್ಲಿ ಹೆಸರು ಬಿತ್ತಿ ಹನ್ನೆರಡು ಕ್ವಿಂಟಾಲು ರಾಶಿಮಾಡಿದೆ. ಅದಕ್ಕಾದ 48,000 ರೂಪಾಯಿ ವೆಚ್ಚವೆಲ್ಲವೂ ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಯ ಸಾಲ. ರಾಶಿಯ ಹೊತ್ತಿನ ಧಾರಣೆ ಕ್ವಿಂಟಾಲಿಗೆ 7,000. ಕಾಳನ್ನು ಇಟ್ಟುಕೊಂಡರೆ ಐವತ್ತು ಕಿಲೊದ ಒಂದೊಂದು ಚೀಲಕ್ಕೆ ತಿಂಗಳಿಗೆ ಹತ್ತು ರೂಪಾಯಿ ಬಾಡಿಗೆ, ಮತ್ತು ಒಣಗಿ, ಹುಳು ತಿಂದು, ಮೂರು ತಿಂಗಳಿಗೆ ನೂರಕ್ಕೆ ಮೂರು ಪಾಲು ತೂಕದ ಇಳಿತ. ತಿಂಗಳಿಗೊಮ್ಮೆ ಉಪಾಧ್ಯಾಯರು ಗಡಿಗೆಯಿಂದ ಒಂದು ಚೀಟಿ ಎತ್ತಿ ಹೊಸ ಧಾರಣೆಯನ್ನು ಸಾರುತ್ತಾರೆ.

ಮೂರು ತಿಂಗಳ ಬಳಿಕ ಧಾರಣೆ 7,300 ಆಯಿತೆಂದು ಇಟ್ಟುಕೊಳ್ಳೋಣ. ಎಲ್ಲವನ್ನೂ ಕಾದಿಟ್ಟ ಮನೆಯವರು ಕ್ವಿಂಟಾಲಿಗೆ ಮುನ್ನೂರು ಗೆದ್ದೆವೆಂದು ಹಿಗ್ಗುತ್ತಾರೆ. ಲೆಕ್ಕ ಹಿಡಿದಾಗ ಬೇರೆ ಸಂಗತಿ ಹೊರಬೀಳುತ್ತದೆ. ಹನ್ನೆರಡು ಕ್ವಿಂಟಾಲು ಈಗ 11.64 ಆಗಿದೆ, ಅದರ ಬೆಲೆ 84,972 ರೂಪಾಯಿ. ಅದರಲ್ಲಿ ಮೂರು ತಿಂಗಳ ಬಡ್ಡಿ 2,880, ಬಾಡಿಗೆ 720 ಕಳೆದರೆ ಉಳಿಯುವುದು 81,372. ರಾಶಿಯ ದಿನವೇ ಮಾರಿದ್ದರೆ 84,000 ಬರುತ್ತಿತ್ತು. ಧಾರಣೆ ಏರಿಯೂ ಮನೆಗೆ 2,628 ರೂಪಾಯಿ ನಷ್ಟ. ಕಾದುದು ಸಾರ್ಥಕವಾಗಬೇಕಾದರೆ ಧಾರಣೆ ಸುಮಾರು 7,526ನ್ನು ಮುಟ್ಟಬೇಕಿತ್ತು.

ಇನ್ನೊಂದು ಮನೆಯವರು ರಾಶಿಯ ದಿನವೇ ಏಳು ಕ್ವಿಂಟಾಲು ಮಾರಿ, ಬಂದ 49,000ದಲ್ಲಿ ಸಾಲವನ್ನು ತೀರಿಸಿ, ಐದು ಕ್ವಿಂಟಾಲನ್ನು ಮಾತ್ರ ಇಟ್ಟುಕೊಂಡರು. ಅದೇ 7,300ರ ಧಾರಣೆಗೆ ಅವರ 4.85 ಕ್ವಿಂಟಾಲು 35,405 ತಂದಿತು. ಬಾಡಿಗೆಯ ಮುನ್ನೂರು ಕಳೆದು 35,105. ಮೊದಲೇ ಮಾರಿದ್ದರೆ ಸಿಗುತ್ತಿದ್ದ 35,000ಕ್ಕಿಂತ ನೂರೈದು ಹೆಚ್ಚು. ಒಂದೇ ಪೇಟೆ, ಒಂದೇ ಧಾರಣೆ, ಒಂದೇ ಕಾಳು; ಸಾಲವಿದ್ದ ಮನೆ ಸೋತಿತು, ಸಾಲ ತೀರಿಸಿದ ಮನೆ ಕೂದಲೆಳೆಯಷ್ಟಾದರೂ ಗೆದ್ದಿತು. ಧಾರಣೆ 6,400ಕ್ಕೆ ಕುಸಿದಿದ್ದರೆ ಮೊದಲನೆಯ ಮನೆಗೆ 13,104, ಎರಡನೆಯದಕ್ಕೆ 4,260 ರೂಪಾಯಿ ಹಾನಿಯಾಗುತ್ತಿತ್ತು. ಸುಗ್ಗಿಯಲ್ಲಿ ಅಗ್ಗಕ್ಕೆ ಮಾರುವ ಒಕ್ಕಲಿಗನನ್ನು ಅವಿವೇಕಿಯೆನ್ನುವುದು ಪೇಟೆಯ ಹೊರಗಿನವರ ವಾಡಿಕೆ. ಬಡ್ಡಿಯ ಸಾಲನ್ನು ತಾನೇ ಬರೆದು ಕೂಡಿಸಿದ ಹದಿನಾಲ್ಕರ ಹುಡುಗಿ ಹಾಗೆ ಅನ್ನಲಾರಳು, ಮತ್ತು ಈ ಲೇಖಕನ ಮಟ್ಟಿಗೆ ಇಡೀ ಆಟದಲ್ಲಿ ಅತ್ಯಂತ ಬೆಲೆಯುಳ್ಳ ಪಾಠವು ಅದೇ.

ಆಟ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದೊಂದು ಮನೆಯೂ ತನ್ನ ಚೀಟಿಯನ್ನು ತಾನೇ ಎತ್ತಿದರೆ ಒಬ್ಬರ ನಷ್ಟವು ಇನ್ನೊಬ್ಬರ ಲಾಭದಿಂದ ಸರಿದೂಗಿ, ನೆರೆಯವರು ಕೈಗಡ ಕೊಟ್ಟು ಪಾರುಮಾಡುವುದು ಸದಾ ಸಾಧ್ಯವೆಂಬ ಸುಳ್ಳು ಭಾವನೆ ಹುಟ್ಟುತ್ತದೆ. ಹೊಲದಲ್ಲಿ ಹಾಗಿಲ್ಲ, ಹೆಸರು ಬಿಡಿಸುವ ಹೊತ್ತಿಗೆ ಮಳೆ ಹಿಡಿದುಕೊಂಡರೆ ಕಾಯಿ ಕಪ್ಪಾಗಿ ಕಾಳು ಮೊಳೆಯುವುದು ಇಡೀ ತಾಲ್ಲೂಕಿಗೆ ಏಕಕಾಲದಲ್ಲಿ. ಆದಕಾರಣ ಚೀಟಿ ಎಲ್ಲರಿಗೂ ಒಂದೇ ಇರಬೇಕು; ಐದು ಮನೆಗಳಿಗಿಂತ ಹೆಚ್ಚಿನವರು ಒಂದೇ ತಿಂಗಳು ಮಾಲು ತಂದರೆ ಧಾರಣೆ ಇನ್ನೂರು ಇಳಿಯುವುದೆಂಬ ನಿಯಮವೂ ಇರಬೇಕು. ಎರಡನೆಯ ಕೇಡು ಇದಕ್ಕಿಂತ ಸೂಕ್ಷ್ಮವಾದುದು: ಗೆದ್ದವನೇ ಜಾಣನೆಂದು ಮಕ್ಕಳು ನಂಬಿದರೆ ಆಟವು ಜೂಜಿನ ಪಾಠವಾಗಿ ಪರಿಣಮಿಸುತ್ತದೆ. ಚೀಟಿ ಎತ್ತುವ ಮುನ್ನವೇ ಪ್ರತಿಯೊಂದು ಮನೆಯೂ ತಾನು ಮಾರುವ ಅಥವಾ ಕಾಯುವ ಕಾರಣವನ್ನೂ, ಎಷ್ಟು ಧಾರಣೆಗೆ ತನ್ನ ಅಸಲು ಸರಿಹೋಗುವುದೆಂಬುದನ್ನೂ ಬರೆದಿಡಬೇಕು. ಆಟವನ್ನು ಬೇರೆ ಬೇರೆ ಚೀಟಿಗಳಿಂದ ಹಲವು ಸಲ ಆಡಬೇಕು. ಪ್ರತಿಸಲವೂ ಬೇರೊಬ್ಬರು ಗೆಲ್ಲುತ್ತ, ಸಾಲ ಹೊತ್ತು ಕಾದವರು ಮಾತ್ರ ಮರಳಿ ಮರಳಿ ನಷ್ಟ ಹೊಂದಿದರೆ ಆಟ ಸರಿಯಾಗಿ ನಡೆದಿದೆಯೆಂದು ಅರ್ಥ.

ಬೆಂಬಲ ಬೆಲೆಯನ್ನೂ ಆಟದೊಳಗೆ ತರಬಹುದು. ಹೆಸರಿಗೆ ಕೇಂದ್ರ ಸರಕಾರವು ಸಾರಿದ ಬೆಲೆ 2024-25ರಲ್ಲಿ 8,682 ರೂಪಾಯಿ, 2025-26ರಲ್ಲಿ 8,768. ಆಟದ ಪೇಟೆಯ ಧಾರಣೆ ಇದಕ್ಕಿಂತ ಬಹಳ ಕೆಳಗಿರುವುದನ್ನು ಕಂಡ ವಿದ್ಯಾರ್ಥಿಗಳು, ಹಾಗಾದರೆ ಎಲ್ಲರೂ ಖರೀದಿ ಕೇಂದ್ರಕ್ಕೇ ಏಕೆ ಹೋಗಬಾರದೆಂದು ಕೇಳುವುದು ಸಹಜ. ಉತ್ತರವನ್ನು ನಿಯಮಗಳಾಗಿಯೇ ಕೊಡಬೇಕು: ಕೇಂದ್ರ ತೆರೆಯುವುದು ರಾಶಿಯಾಗಿ ಒಂದು ತಿಂಗಳ ಮೇಲೆ, ತೇವಾಂಶ ನೂರಕ್ಕೆ ಹನ್ನೆರಡನ್ನು ಮೀರಿದ ಕಾಳಿಗೆ ಪ್ರವೇಶವಿಲ್ಲ, ಒಂದು ಮನೆಯಿಂದ ಕೊಳ್ಳುವ ಪ್ರಮಾಣಕ್ಕೆ ಮಿತಿಯುಂಟು, ರೊಕ್ಕ ಕೈಗೆ ಬರುವುದು ಇನ್ನೂ ಒಂದು ತಿಂಗಳು ತಡವಾಗಿ. ಆಗ ಬಡ್ಡಿ ಬೆಳೆಯುತ್ತಿರುವ ಮನೆಯು ಹೆಚ್ಚಿನ ಬೆಲೆಯನ್ನು ಬಿಟ್ಟು ಇಂದಿನ ನಗದನ್ನು ಹಿಡಿಯಲೂಬಹುದು.

ಬೆಳೆ ಬಂದರೂ ಬರದಿದ್ದರೂ ತೆರಬೇಕಾದ ಸ್ಥಿರ ಹೊರೆಯ ಚೀಟಿಯೊಂದನ್ನು ಸೇರಿಸುವುದಕ್ಕೆ ನರಗುಂದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ. ಮಲಪ್ರಭಾ ನೀರಾವರಿಯ ಸುಧಾರಣಾ ಕರದ ವಿರುದ್ಧ 1980ರ ಜುಲೈಯಲ್ಲಿ ಅಲ್ಲಿ ಸಿಡಿದ ರೈತರ ಬಂಡಾಯದ ಹಿನ್ನೆಲೆಯಲ್ಲಿ, ಹತ್ತಿಯ ಧಾರಣೆ ಇಳಿದಾಗಲೂ ಇಳಿಯದ ಕರದ ಭಾರವಿದ್ದಿತು. ಗಜೇಂದ್ರಗಡದ ನೇಕಾರರ ಮಕ್ಕಳಿಗೆ ಹೆಸರಿನ ಬದಲು ನೂಲನ್ನು ಕೊಟ್ಟು, ನೂಲು ತಾನೇ ಕೊಂಡು ನೆಯ್ದು ಮಾರುವ ಮನೆ ಮತ್ತು ಮಾಲೀಕನ ನೂಲಿಗೆ ಮಜೂರಿ ಪಡೆದು ನೆಯ್ಯುವ ಮನೆ ಎಂದು ಎರಡು ಪಕ್ಷ ಮಾಡಬಹುದು. ಸೀರೆಯ ಧಾರಣೆ ಬಿದ್ದ ತಿಂಗಳು ಮಜೂರಿಯವನು ಉಳಿದುಕೊಳ್ಳುವುದೂ, ಏರಿದ ತಿಂಗಳು ಅವನಿಗೆ ಏನೂ ಹೆಚ್ಚಿಗೆ ದೊರೆಯದಿರುವುದೂ ನಾಲ್ಕಾರು ಸುತ್ತುಗಳಲ್ಲಿ ವ್ಯಕ್ತವಾಗುತ್ತದೆ.