ಮುಂದೇನಾಯಿತು? — ಕಂತಿನ ಚಲಚ್ಚಿತ್ರದ ಮೊದಲ ವರ್ಷಗಳು

ಕಥೆಯನ್ನು ಕುತೂಹಲದ ತುದಿಯಲ್ಲಿ ನಿಲ್ಲಿಸಿ ಕೇಳುವವನನ್ನು ಮರುದಿನಕ್ಕೆ ಬರಮಾಡಿಕೊಳ್ಳುವ ಉಪಾಯ ಕನ್ನಡನಾಡಿಗೆ ಹೊಸದಲ್ಲ. ಹರಿಕಥೆಯ ದಾಸರೂ ಭಾರತವಾಚನದ ಗಮಕಿಗಳೂ ಇದನ್ನು ಬಲ್ಲವರೇ. ಆದರೆ ಅಲ್ಲಿ ಸಭೆಗೆ ಕಥೆಯ ಅಂತ್ಯ ಮೊದಲೇ ಗೊತ್ತು. ಸೈಂಧವನು ಸಾಯುವನೋ ಇಲ್ಲವೋ ಎಂಬ ಸಂಶಯದಿಂದ ಯಾರೂ ನಿದ್ದೆಗೆಟ್ಟು ಮರುರಾತ್ರಿ ಬರುವುದಿಲ್ಲ. ಆ ಪ್ರಸಂಗವನ್ನು ಈತನು ಹೇಗೆ ಹೇಳುವನೆಂಬ ಆಸೆಯಿಂದ ಬರುತ್ತಾರೆ. ಇಂದು ಕೈಫೋನಿನ ಪರದೆಯ ಮೇಲೆ ಒಂದೆರಡು ನಿಮಿಷಗಳ ಕಿರುಕಂತುಗಳನ್ನು ಹರಿಯಬಿಟ್ಟು, ಪ್ರತಿಯೊಂದನ್ನೂ ಉತ್ತರವಿಲ್ಲದ ಪ್ರಶ್ನೆಯಲ್ಲಿ ಮುಗಿಸಿ, ನೋಡುಗನು ತಮ್ಮನ್ನು ಅನುಸರಿಸುವಂತೆ ಮಾಡುವವರ ಕುಲಪುರುಷರು ಈ ಗಮಕಿಗಳಲ್ಲ. ಅವರ ವಂಶವೃಕ್ಷವನ್ನು ಹುಡುಕುವವರು 1912ರಿಂದ 1915ರವರೆಗಿನ ಅಮೆರಿಕೆಯ ಮೂಕಚಿತ್ರಗಳ ಕಡೆಗೆ ಹೋಗಬೇಕು. ಅಲ್ಲಿ ಕಥೆಯು ಪ್ರಶ್ನೆಯಾಯಿತು. ಪ್ರಶ್ನೆಗೆ ಬೆಲೆಯನ್ನೂ ಕಟ್ಟಿದರು.

ಆ ಕಾಲದ ಚಿತ್ರವೆಂದರೆ ಒಂದು ಸುರುಳಿ. ಸುರುಳಿಗೆ ಸುಮಾರು ಸಾವಿರ ಅಡಿ ಉದ್ದ; ಓಡುವ ಕಾಲ ಹತ್ತರಿಂದ ಹದಿನೈದು ನಿಮಿಷ. ನಿಕಲ್ ನಾಣ್ಯವೊಂದನ್ನು ಕೊಟ್ಟು ಒಳಹೊಕ್ಕವನು ಮೂರು ನಾಲ್ಕು ಚಿಕ್ಕ ಚಿತ್ರಗಳನ್ನು ನೋಡಿ ಹೊರಬರುವನು; ನಾಳೆ ಅದೇ ಮಂದಿರಕ್ಕೆ ಬರುವನೋ ಎದುರುಬೀದಿಯ ಮಂದಿರಕ್ಕೆ ಹೋಗುವನೋ ಹೇಳುವಂತಿರಲಿಲ್ಲ. ಅತ್ತ ಮಾಸಪತ್ರಿಕೆಗಳಿಗೂ ದಿನಪತ್ರಿಕೆಗಳಿಗೂ ಇದೇ ಚಿಂತೆ. ಇಂದು ಕೊಂಡ ಓದುಗನು ಮುಂದಿನ ಸಂಚಿಕೆಯನ್ನು ಕೊಳ್ಳುವನೆಂಬ ಭರವಸೆ ಯಾರಿಗಿದ್ದಿತು? ಈ ಎರಡು ಚಿಂತೆಗಳು ಒಂದಾದಾಗ ಕಂತಿನ ಚಿತ್ರ ಹುಟ್ಟಿತು.

ಮೊದಲ ಹೆಜ್ಜೆಯನ್ನಿಟ್ಟುದು ಸ್ತ್ರೀಯರಿಗಾಗಿ ನಡೆಯುತ್ತಿದ್ದ ‘ದಿ ಲೇಡೀಸ್ ವರ್ಲ್ಡ್’ ಎಂಬ ಮಾಸಪತ್ರಿಕೆ. ಅದೂ ಎಡಿಸನ್ ಚಿತ್ರಸಂಸ್ಥೆಯೂ ಕೈಜೋಡಿಸಿ 1912ರ ಜುಲೈ ತಿಂಗಳ ಕೊನೆಯಲ್ಲಿ ‘ಮೇರಿಗೆ ಏನಾಯಿತು’ ಎಂಬ ಕಥಾಮಾಲೆಯನ್ನು ಆರಂಭಿಸಿದುವು. ಮೇರಿಯು ಯಾರೋ ಬುಟ್ಟಿಯಲ್ಲಿಟ್ಟು ಬಿಟ್ಟುಹೋದ ಶಿಶು. ದ್ವೀಪವೊಂದರ ಅಂಗಡಿಯವನ ಮನೆಯಲ್ಲಿ ಬೆಳೆದವಳು. ಮಗುವಿನೊಡನೆ ಹಣವೂ ಒಂದು ಪತ್ರವೂ ಇದ್ದುವು. ಹುಡುಗಿಯನ್ನು ಊರಿನವನಿಗೇ ಮದುವೆಮಾಡಿಕೊಟ್ಟರೆ ಇನ್ನಷ್ಟು ಹಣ ಬರುವುದೆಂದು ಅದರಲ್ಲಿ ಬರೆದಿದ್ದಿತು. ಬೆಳೆದ ಮೇರಿ ಅದನ್ನು ಓದಿ ತನ್ನ ಸ್ಥಿತಿಯನ್ನರಿತು ಓಡಿಹೋಗುತ್ತಾಳೆ. ಪತ್ರಿಕೆ ಕಥೆಯನ್ನು ಅಷ್ಟಕ್ಕೇ ನಿಲ್ಲಿಸಿ, ಮುಂದಿನ ಇಪ್ಪತ್ತು ನಿಮಿಷಗಳಲ್ಲಿ ಅವಳಿಗೆ ಏನಾಯಿತೆಂದು ಸರಿಯಾಗಿ ಊಹಿಸಿ ಬರೆದವರಿಗೆ ನೂರು ಡಾಲರುಗಳ ಬಹುಮಾನವೆಂದು ಸಾರಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಪ್ರಶ್ನೆ ಇದ್ದುದು ಪತ್ರಿಕೆಯಲ್ಲಿ, ಚಿತ್ರದಲ್ಲಲ್ಲ. ಮೇರಿ ಫುಲ್ಲರ್ ನಾಯಿಕೆಯಾಗಿ ಅಭಿನಯಿಸಿದ ಹನ್ನೆರಡು ಚಿತ್ರಗಳು ತಿಂಗಳಿಗೊಂದರಂತೆ ಬಂದುವು. ಪ್ರತಿಯೊಂದೂ ಬಹುಮಟ್ಟಿಗೆ ತನ್ನಲ್ಲೇ ಮುಗಿಯುವ ಪ್ರಸಂಗ. ಒಂದನ್ನು ನೋಡದವನಿಗೆ ಮುಂದಿನದು ತಿಳಿಯದೆಂಬ ತೊಂದರೆಯಿರಲಿಲ್ಲ. ತಿಂಗಳ ಅಂತರದಲ್ಲಿ ಬರುವ ಚಿತ್ರಕ್ಕೆ ಇದು ಸರಿಯಾದ ಎಚ್ಚರಿಕೆಯೇ ಆಗಿದ್ದಿತು, ಏಕೆಂದರೆ ಬಿಟ್ಟ ಕಥೆಯನ್ನು ಮೂವತ್ತು ದಿನ ನೆನಪಿನಲ್ಲಿಟ್ಟುಕೊಳ್ಳುವ ಪ್ರೇಕ್ಷಕರು ವಿರಳ. ಆದರೂ ಹೆಸರೇ ಪ್ರಶ್ನೆಯಾಗಿದ್ದುದು ಫಲಿಸಿತು. ಮರುವರ್ಷ ಎಡಿಸನ್ ಸಂಸ್ಥೆಯವರು ಹೊರಡಿಸಿದ ಆರು ಕಂತುಗಳ ಉತ್ತರಭಾಗಕ್ಕೂ ‘ಮೇರಿಯನ್ನು ಮದುವೆಯಾಗುವವರು ಯಾರು?’ ಎಂದೇ ಹೆಸರಿಟ್ಟರು.

ಎರಡನೆಯ ಹೆಜ್ಜೆ ಶಿಕಾಗೋ ನಗರದ್ದು. ಅಲ್ಲಿನ ದಿನಪತ್ರಿಕೆಗಳಲ್ಲಿ ಓದುಗರಿಗಾಗಿ ಘೋರವಾದ ಸ್ಪರ್ಧೆ ನಡೆದಿದ್ದಿತು. ‘ಶಿಕಾಗೋ ಟ್ರಿಬ್ಯೂನ್’ ಪತ್ರಿಕೆ ಸೆಲಿಗ್ ಚಿತ್ರಸಂಸ್ಥೆಯೊಡನೆ ಒಪ್ಪಂದಮಾಡಿಕೊಂಡು ‘ಕ್ಯಾಥ್ಲಿನಳ ಸಾಹಸಗಳು’ ಎಂಬ ಹದಿಮೂರು ಕಂತುಗಳ ಮಾಲೆಯನ್ನು ಹೊರತಂದಿತು. ಮೊದಲ ಕಂತು ತೆರೆಗೆ ಬಂದುದು 1913ರ ಡಿಸೆಂಬರ್ 29ರ ಸೋಮವಾರ. ಅನಂತರ ಎರಡು ವಾರಕ್ಕೊಂದು. ಕಥೆಯ ಪಾಠವು ಪತ್ರಿಕೆಯಲ್ಲಿಯೂ ಕಂತುಕಂತಾಗಿ ಅಚ್ಚಾಗುತ್ತಿದ್ದಿತು. ಸೆಲಿಗ್ ಎಂಬಾತನ ಬಳಿ ಹುಲಿ ಸಿಂಹ ಆನೆಗಳ ದೊಡ್ಡ ಸಂಗ್ರಹವೇ ಇದ್ದುದರಿಂದ ಕಥೆಯನ್ನು ಹಿಂದೂದೇಶಕ್ಕೆ ಒಯ್ದರು. ‘ಅಲ್ಲಾಹ’ ಎಂಬ ಇಲ್ಲದ ಸಂಸ್ಥಾನ, ಅಲ್ಲಿ ಸೆರೆಸಿಕ್ಕ ತಂದೆ, ಅವನನ್ನರಸಿ ಬಂದ ಮಗಳಿಗೆ ಬೇಡವೆಂದರೂ ಕಟ್ಟಿದ ಪಟ್ಟ, ಅವಳನ್ನು ವರಿಸಹೊರಟ ಖಳನಾಯಕ. ಆ ಖಳನ ಹೆಸರು ‘ಅಂಬಾಲಾ’! ರೈಲ್ವೆ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ನಾಮಕರಣ ಮಾಡಿದರೇನೋ ಎನ್ನಿಸಿದರೆ ಭಾರತೀಯ ಓದುಗನ ತಪ್ಪಲ್ಲ.

ಹೆಸರುಗಳು ಹಾಗಿರಲಿ. ಈ ಮಾಲೆಯ ವಿಶೇಷವೆಂದರೆ, ಪತ್ರಿಕೆಯಲ್ಲಿದ್ದ ಪ್ರಶ್ನೆ ಇಲ್ಲಿ ತೆರೆಯ ಮೇಲೆ ಬಂದಿತು. ಕಂತು ಮುಗಿಯುವಾಗ ಆಪತ್ತು ಮುಗಿಯುತ್ತಿರಲಿಲ್ಲ. ಅದರಿಂದ ಪಾರಾಗುವ ಬಗೆಯನ್ನು ಮುಂದಿನ ಕಂತಿಗೆ ಉಳಿಸುತ್ತಿದ್ದರು. ಹೀಗೆ ಮಾಡಲು ಧೈರ್ಯ ಬಂದುದು ಪತ್ರಿಕೆಯಿಂದ. ನಡುವೆ ಒಂದು ವಾರ ಮಂದಿರಕ್ಕೆ ಬಾರದವನು ಪತ್ರಿಕೆಯಲ್ಲಿ ಕಥೆಯನ್ನೋದಿ ಸರಿಯಾದ ಹಂತಕ್ಕೆ ಬಂದುಬಿಡುವನು. ಪತ್ರಿಕೆಯನ್ನು ಮಾತ್ರ ಓದಿದವನಿಗೆ ಆನೆಯನ್ನೂ ಸಿಂಹವನ್ನೂ ಕಣ್ಣಾರೆ ನೋಡುವ ಆಸೆ ಹುಟ್ಟುವುದು. ಬಿಟ್ಟ ಕೊಂಡಿಯನ್ನು ಕೂಡಿಸುವ ಇಂಥ ಎರಡನೆಯ ದಾರಿಯಿಲ್ಲದೆ ತೂಗುಬಿಟ್ಟ ಕಥೆಯು ಹೊಸ ಪ್ರೇಕ್ಷಕನನ್ನು ಹೊರಗೇ ನಿಲ್ಲಿಸುತ್ತದೆ. ಟ್ರಿಬ್ಯೂನ್ ಪತ್ರಿಕೆಯ ಪ್ರಸಾರವು ಇದರಿಂದ ನೂರಕ್ಕೆ ಹತ್ತರಷ್ಟು ಏರಿತೆಂದು ಆಗ ಪ್ರಚಾರವಾಯಿತು. ಹೇಳಿದವರು ಲಾಭ ಪಡೆದವರೇ ಆದುದರಿಂದ ಅಂಕೆಯನ್ನು ಸ್ವಲ್ಪ ಕಡಮೆಮಾಡಿ ನಂಬಬಹುದು. ಆದರೆ ಬೇರೆ ಪತ್ರಿಕೆಗಳು ಕೂಡಲೇ ಈ ದಾರಿ ಹಿಡಿದುವೆಂಬುದು ಆ ಅಂಕೆಗಿಂತ ಬಲವಾದ ಸಾಕ್ಷ್ಯ.

ಹರ್ಸ್ಟ್‌ನ ಪತ್ರಿಕೆಗಳು ಪಾಥೆ ಸಂಸ್ಥೆಯೊಡನೆ ಸೇರಿ 1914ರ ಮಾರ್ಚಿನಲ್ಲಿ ಆರಂಭಿಸಿದ ‘ಪಾಲಿನಳ ಅಪಾಯಗಳು’ ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾಯಿತು. ಪರ್ಲ್ ವೈಟ್ ಎಂಬ ನಟಿಯ ಹೆಸರು ಲೋಕವಿಖ್ಯಾತವಾದುದು ಇದರಿಂದಲೇ. ಬಂಡೆಯ ಅಂಚಿನಲ್ಲಿ ನಾಯಿಕೆಯನ್ನು ತೂಗುಬಿಟ್ಟು ಕಂತನ್ನು ಮುಗಿಸುವ ಪದ್ಧತಿ, ಮುಂದೆ ‘ಕ್ಲಿಫ್‌ಹ್ಯಾಂಗರ್’ ಎಂದು ಹೆಸರಾದುದು, ಪಾಲಿನಳಿಂದಲೇ ಬಂದಿತೆಂದು ಜನ ತಿಳಿದಿದ್ದಾರೆ. ಇದು ಸರಿಯಲ್ಲ. ಪಾಲಿನಳ ಇಪ್ಪತ್ತು ಕಂತುಗಳಲ್ಲಿ ಹೆಚ್ಚಿನವು ತಮ್ಮ ತಮ್ಮಲ್ಲೇ ಮುಗಿಯುತ್ತವೆ: ಆಸ್ತಿಯ ಆಸೆಯಿಂದ ಖಳನು ಹೂಡಿದ ಸಂಚೊಂದು ಆರಂಭವಾಗುತ್ತದೆ, ಪಾಲಿನಳು ಅಪಾಯದಲ್ಲಿ ಸಿಲುಕುತ್ತಾಳೆ, ಕಂತು ತೀರುವಷ್ಟರಲ್ಲಿ ಪಾರಾಗುತ್ತಾಳೆ. ಉಳಿಯುವುದು ಒಂದೇ, ಖಳನು ಸಿಕ್ಕಿಬೀಳುವುದು ಯಾವಾಗ ಎಂಬುದು. ಅಪಾಯದ ನಡುವೆಯೇ ಕತ್ತರಿಸುವುದು ನಿಯಮವಾದುದು ಅದರ ಅನಂತರದ ಒಂದೆರಡು ವರ್ಷಗಳಲ್ಲಿ.

ಪ್ರಶ್ನೆಯನ್ನು ಅತ್ಯಂತ ವಿಚಾರಪೂರ್ವಕವಾಗಿ ಕಟ್ಟಿದವರು ನ್ಯೂಯಾರ್ಕಿನ ಬಳಿಯ ನ್ಯೂ ರೊಷೆಲ್ ಊರಿನ ಥಾನ್‌ಹೌಸರ್ ಸಂಸ್ಥೆಯವರು. ಟ್ರಿಬ್ಯೂನ್ ಪತ್ರಿಕೆಯೊಡನೆ ಕೂಡಿ ಅವರು 1914ರ ಜೂನಿನಿಂದ ವಾರಕ್ಕೊಂದರಂತೆ ‘ದಶಲಕ್ಷ ಡಾಲರಿನ ರಹಸ್ಯ’ವನ್ನು ಹೊರಡಿಸಿದರು. ಹಾರ್‌ಗ್ರೀವ್ ಎಂಬ ಕೋಟ್ಯಧೀಶನು ‘ಕರಿಯ ನೂರ್ವರು’ ಎಂಬ ತಂಡಕ್ಕಂಜಿ ಬಲೂನನ್ನೇರಿ ಮಾಯವಾಗುತ್ತಾನೆ. ಅವನ ಹಣವೂ ಕಾಣದು. ಮಗಳು ಫ್ಲಾರೆನ್ಸಳ ಸುತ್ತ ರಷ್ಯದ ಶ್ರೀಮಂತೆಯೊಬ್ಬಳು ಬಲೆ ನೇಯುತ್ತಾಳೆ. ಇಪ್ಪತ್ತೆರಡು ಕಂತುಗಳು ಹೀಗೆ ನಡೆದು, ಇಪ್ಪತ್ತಮೂರನೆಯದು ಖಾಲಿಯಾಗಿ ಉಳಿಯಿತು. ಅದನ್ನು ತುಂಬುವ ಕೆಲಸ ಪ್ರೇಕ್ಷಕರದು. ಅತ್ಯುತ್ತಮವಾದ ಉತ್ತರಕ್ಕೆ ಹತ್ತು ಸಾವಿರ ಡಾಲರು. ಜಾಹೀರಾತಿನಲ್ಲಿ ಕೇಳಿದ ಪ್ರಶ್ನೆಗಳು ನಾಲ್ಕು: ಕೋಟ್ಯಧೀಶನು ಏನಾದನು? ಹಣವೇನಾಯಿತು? ಫ್ಲಾರೆನ್ಸಳು ಯಾರನ್ನು ಮದುವೆಯಾಗುವಳು? ರಷ್ಯದ ಶ್ರೀಮಂತೆಯ ಗತಿಯೇನು?

ಈ ನಾಲ್ಕನ್ನು ಸ್ವಲ್ಪ ನಿಧಾನವಾಗಿ ನೋಡುವುದು ಯುಕ್ತ. ಇವು ಯಾವ ಒಂದು ಕಂತಿನ ಪ್ರಶ್ನೆಗಳೂ ಅಲ್ಲ. ವಾರವಾರದ ಸಣ್ಣ ಆಪತ್ತು ಬೇರೆ, ಅದು ಮುಂದಿನ ವಾರ ತೀರುವುದು. ಈ ನಾಲ್ಕು ಆರು ತಿಂಗಳು ತೀರವು. ಪ್ರತಿ ಕಂತೂ ಇವುಗಳಲ್ಲಿ ಒಂದೆರಡಕ್ಕೆ ಏನಾದರೊಂದು ಸುಳಿವನ್ನು ಕೊಟ್ಟೇ ತೀರಬೇಕು. ಬಹುಮಾನದ ಆಸೆಯುಳ್ಳವನು ಒಂದು ಕಂತನ್ನು ಬಿಟ್ಟರೂ ಸುಳಿವು ತಪ್ಪೀತೆಂದು ಹೆದರುವನು. ಸಣ್ಣ ಪ್ರಶ್ನೆ ಅವನನ್ನು ಮುಂದಿನ ಸೋಮವಾರಕ್ಕೆ ಕರೆತರುವುದು; ದೊಡ್ಡ ಪ್ರಶ್ನೆ ಅವನನ್ನು ಕೊನೆಯ ತನಕ ಹಿಡಿದಿಡುವುದು. ಒಂದೇ ಇದ್ದರೆ ಸಾಲದು. ಇಪ್ಪತ್ತಮೂರನೆಯ ಕಂತು 1915ರ ಫೆಬ್ರವರಿಯಲ್ಲಿ ಬಂದಿತು. ಬಹುಮಾನ ಸೇಂಟ್ ಲೂಯಿಸ್ ನಗರದ ಶೀಘ್ರಲಿಪಿಕಾರಳೊಬ್ಬಳಿಗೆ ದೊರೆಯಿತು. ಸುಮಾರು ಒಂದು ಲಕ್ಷ ಇಪ್ಪತ್ತೈದು ಸಾವಿರ ಡಾಲರು ಹಾಕಿ ಹದಿನೈದು ಲಕ್ಷದಷ್ಟು ಗಳಿಸಿದರೆಂದು ಹೇಳುತ್ತಾರೆ.

ಅದೇ ಸಂಸ್ಥೆ, ಅದೇ ಪತ್ರಿಕೆ ಬೆಂಬಲವಾಗಿದ್ದು 1914ರ ನವೆಂಬರಿನಲ್ಲಿ ಆರಂಭಿಸಿದ ‘ಜುಡೋರಾ’ ಮಾತ್ರ ಮುಗ್ಗರಿಸಿತು. ಅಲ್ಲಿ ನಾಯಿಕೆಯು ಇಪ್ಪತ್ತು ರಹಸ್ಯಗಳನ್ನು ಬಿಡಿಸಿದರೆ ಮಾತ್ರ ಪ್ರಿಯಕರನನ್ನು ಮದುವೆಯಾಗಲು ಮಾಂತ್ರಿಕನಾದ ಸೋದರಮಾವನು ಒಪ್ಪುವನು. ಮೇಲೆ ನೋಡಿದರೆ ಇಪ್ಪತ್ತು ಪ್ರಶ್ನೆಗಳ ಸಂಪತ್ತು. ಆದರೆ ಅವು ಇಪ್ಪತ್ತು ಬೇರೆ ಬೇರೆ ಪ್ರಶ್ನೆಗಳು. ಪ್ರತಿಯೊಂದಕ್ಕೂ ಆಗಲೇ ಉತ್ತರ. ಮಂದಿರದಿಂದ ಹೊರಡುವವನು ಮನೆಗೆ ಒಯ್ಯಲು ಏನೂ ಉಳಿಯುತ್ತಿರಲಿಲ್ಲ. ಇನ್ನು ದೊಡ್ಡ ಪ್ರಶ್ನೆಯೋ, ಇಪ್ಪತ್ತೂ ಬಿಡಿಸಿದಳೇ ಎಂಬುದು. ಬಿಡಿಸುವಳೆಂದು ಮಗುವೂ ಬಲ್ಲದು. ಹಿಂದಿನ ಮಾಲೆಯಲ್ಲಿ ನಾಯಕನಾಗಿ ಮೆಚ್ಚುಗೆ ಗಳಿಸಿದ್ದ ಜೇಮ್ಸ್ ಕ್ರೂಜ್ ಇಲ್ಲಿ ಮಾಂತ್ರಿಕನ ಗಡ್ಡ ಹಚ್ಚಿಕೊಂಡು ಖಳನಾದುದೂ ಜನಕ್ಕೆ ಹಿಡಿಸಲಿಲ್ಲ. ನಡುದಾರಿಯಲ್ಲಿ ಕಥೆಯನ್ನು ತಿರುಗಿಸಿ ಅವನನ್ನು ಪತ್ರಿಕಾ ವರದಿಗಾರನ ಪಾತ್ರಕ್ಕೆ ತಂದರು; ಹೆಸರನ್ನೂ ‘ಎರಡು ಕೋಟಿ ಡಾಲರಿನ ರಹಸ್ಯ’ವೆಂದು ಬದಲಿಸಿದರು. ಹಳೆಯ ಹೆಸರಿನ ನೆರಳನ್ನು ಹೊದಿಸಿದ ಮಾತ್ರಕ್ಕೆ ಹೋದ ಪ್ರೇಕ್ಷಕರು ಮರಳಲಿಲ್ಲ.

ಕಂತಿನ ಪ್ರಶ್ನೆ ಕೆಡುವ ಇನ್ನೊಂದು ಬಗೆಯುಂಟು. ಅದು ಮುಂದೆ ಮಾತಿನ ಚಿತ್ರಗಳ ಕಾಲದಲ್ಲಿ ಬೆಳೆಯಿತು. ಒಂದು ವಾರದ ಕೊನೆಯಲ್ಲಿ ನಾಯಕನಿರುವ ಮೋಟಾರು ಕಣಿವೆಗೆ ಉರುಳಿ ಉರಿದುಹೋಗುತ್ತದೆ. ಮರುವಾರ ಅದೇ ದೃಶ್ಯವನ್ನು ಮತ್ತೆ ತೋರಿಸುವಾಗ, ಮೋಟಾರು ಅಂಚನ್ನು ಮುಟ್ಟುವ ಮುನ್ನ ನಾಯಕನು ಹೊರಕ್ಕೆ ಹಾರಿದ ತುಣುಕೊಂದು ಸೇರಿಕೊಂಡಿರುತ್ತದೆ. ಹಿಂದಿನ ವಾರ ಅದು ಇರಲೇ ಇಲ್ಲ. ಎರಡು ಕಂತುಗಳ ಕೊನೆ ಮೊದಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮೋಸ ಸ್ಪಷ್ಟ. ಏಳು ದಿನ ಕಳೆದ ಪ್ರೇಕ್ಷಕನು ಇದನ್ನು ಮರೆತಿರುವನೆಂಬ ಲೆಕ್ಕಾಚಾರವದು. ಶಾಲೆಯ ಹುಡುಗರು ಮರೆಯುತ್ತಿರಲಿಲ್ಲ. ಸುಳ್ಳಿನ ಉತ್ತರ ಪಡೆದವನು ಮುಂದಿನ ಆಪತ್ತಿಗೆ ಹೆದರನು. ಹೆದರದವನಿಗೆ ಅಲ್ಲಿ ನೋಡಲು ಉಳಿಯುವುದು ಗುದ್ದಾಟ ಮಾತ್ರ.

ಈ ಚಿತ್ರಗಳು ಹಿಂದೂದೇಶದ ಮಂದಿರಗಳಲ್ಲಿಯೂ ಬಹುಕಾಲ ಓಡಿದುವು. ಚಲಚ್ಚಿತ್ರಗಳ ವಿಚಾರಣೆಗಾಗಿ 1927–28ರಲ್ಲಿ ನೇಮಕವಾದ ಸರಕಾರಿ ಸಮಿತಿಯ ಕಾಲದಲ್ಲಿ ಇವುಗಳ ಜನಪ್ರಿಯತೆ ಚರ್ಚೆಯ ವಿಷಯವಾಗಿದ್ದಿತು. ಮುಂಬಯಿಯ ವಾಡಿಯಾ ಸಹೋದರರು 1935ರಲ್ಲಿ ‘ಹಂಟರ್‌ವಾಲಿ’ಯನ್ನು ತೆಗೆದಾಗ ಚಾವಟಿ ಹಿಡಿದ ನಾಡಿಯಾಳ ಹಿಂದೆ ಪರ್ಲ್ ವೈಟಳ ನೆರಳಿದ್ದಿತು, ಆದರೆ ಅವರು ಕಥೆಯನ್ನು ಕಂತುಗಳಾಗಿ ಕತ್ತರಿಸದೆ ಒಂದೇ ಕೂಟದಲ್ಲಿ ಮುಗಿಸಿದರು. ಅಮೆರಿಕೆಯ ಮಂದಿರಗಳ ಕೊನೆಯ ಕಂತಿನ ಚಿತ್ರ 1956ರಲ್ಲಿ ಹೊರಟಿತು. ಅಷ್ಟರಲ್ಲಿ ದೂರದರ್ಶನವು ವಾರದ ಕಥೆಯನ್ನು ಮನೆಯೊಳಕ್ಕೇ ತಂದುಬಿಟ್ಟಿದ್ದಿತು.

ಮೊದಲಿನ ಮಾಲೆಗಳ ಫಿಲ್ಮು ಬಹುಪಾಲು ನಾಶವಾಗಿದೆ. ಪಾಲಿನಳದು ಯೂರೋಪಿನಲ್ಲಿ ಒಂಬತ್ತು ಕಂತುಗಳಿಗೆ ಇಳಿಸಿದ ಪ್ರತಿಯಾಗಿ ಉಳಿಯಿತು. ಫ್ರೆಂಚಿಗೆ ಹೋಗಿ ಇಂಗ್ಲಿಷಿಗೆ ಮರಳಿದ ಅದರ ಬರಹಗಳಲ್ಲಿ ಖಳನ ಹೆಸರೇ ಬೇರೆಯಾಗಿದೆ. ಕ್ಯಾಥ್ಲಿನಳದು ಚೂರುಗಳು ಮಾತ್ರ. ದಶಲಕ್ಷ ಡಾಲರಿನ ರಹಸ್ಯವು ಪೂರ್ಣವಾಗಿ ಎಲ್ಲಿಯೂ ಸಿಕ್ಕಿಲ್ಲ. ಜಾಹೀರಾತಿನ ಆ ನಾಲ್ಕು ಪ್ರಶ್ನೆಗಳು ಮಾತ್ರ ಹಳೆಯ ಪತ್ರಿಕೆಗಳ ಪುಟದಲ್ಲಿ ಅಚ್ಚಾದಂತೆಯೇ ಇವೆ.