ಕಪ್ಪು ಮೆಹಂದಿ ಕೋನ್: ಹೋದ ಸಲ ಏನೂ ಆಗದಿದ್ದರೂ ಈ ಸಲ ಚರ್ಮ ಸುಡುವುದೇಕೆ?

ಮದುವೆ, ಹಬ್ಬ ಬಂತೆಂದರೆ ಅರ್ಧ ಗಂಟೆಯಲ್ಲೇ ಕಡುಕಪ್ಪು ಬಣ್ಣ ಬಿಡುವ ಕೋನ್‌ಗಳು ಎಲ್ಲೆಡೆ ಸಿಗುತ್ತವೆ. "ಕಪ್ಪು ಮೆಹಂದಿ" ಎಂಬ ಹೆಸರಿದ್ದರೂ ಆ ಕಪ್ಪು ಮೆಹಂದಿ ಗಿಡದಿಂದ ಬರುವುದಿಲ್ಲ.

ಎಲೆಯ ಬಣ್ಣ ಹೇಗಿರುತ್ತದೆ?

ಮೆಹಂದಿ, ಮದರಂಗಿ, ಗೋರಂಟಿ ಎಲ್ಲವೂ ಒಂದೇ ಗಿಡದ ಹೆಸರು. ಅದರ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣದ ಅಂಶ ಚರ್ಮದ ಮೇಲ್ಪದರದ ಕೆರಾಟಿನ್‌ಗೆ ನಿಧಾನವಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ಕಲಸಿದ ಮೆಹಂದಿಯನ್ನು ನಾಲ್ಕರಿಂದ ಎಂಟು ಗಂಟೆ ಕೈಮೇಲೆ ಬಿಡಬೇಕು. ಉದುರಿಸಿದಾಗ ಕಾಣುವುದು ಕಿತ್ತಳೆ ಬಣ್ಣ. ಒಂದೆರಡು ದಿನದಲ್ಲಿ ಅದು ಕೆಂಪು ಮಿಶ್ರಿತ ಕಂದು ಆಗುತ್ತದೆ. ಅಂಗೈಯಲ್ಲಿ ಗಾಢವಾಗಿ, ಕೈಯ ಹಿಂಭಾಗದಲ್ಲಿ ತೆಳುವಾಗಿ ಹತ್ತುತ್ತದೆ. ಬರೀ ಎಲೆಯಿಂದ ಇದ್ದಿಲಿನಂಥ ಕಪ್ಪು ಬರುವುದಿಲ್ಲ.

ಕಪ್ಪು ಕೋನ್‌ನಲ್ಲಿ ಏನಿರುತ್ತದೆ?

ಹೆಚ್ಚಾಗಿ ಪ್ಯಾರಾ-ಫಿನೈಲಿನ್‌ಡೈಅಮೈನ್, ಅಂದರೆ ಪಿಪಿಡಿ. ಕಪ್ಪು ಹೇರ್ ಡೈನಲ್ಲಿ ಇರುವುದೂ ಇದೇ. ಯುರೋಪಿನ ನಿಯಮದಂತೆ ಕೂದಲಿಗೆ ಹಚ್ಚುವ ಮಿಶ್ರಣದಲ್ಲಿ ಪಿಪಿಡಿ 2%ಗಿಂತ ಹೆಚ್ಚಿರಬಾರದು, ಅದನ್ನೂ ಸ್ವಲ್ಪ ಹೊತ್ತಿನಲ್ಲೇ ತೊಳೆಯಬೇಕು. ಕಪ್ಪು ಮೆಹಂದಿಯಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪಿಪಿಡಿ ಪತ್ತೆಯಾದದ್ದಿದೆ. ಅದನ್ನು ನೇರವಾಗಿ ಚರ್ಮಕ್ಕೆ ಹಚ್ಚಿ, ಒಣಗುವವರೆಗೂ ಬಿಡುತ್ತೇವೆ.

ಸುಡುವುದು ಹೇಗೆ?

ಇದು ಬಹುಮಟ್ಟಿಗೆ ಬೆಂಕಿಯಂಥ ಸುಟ್ಟಗಾಯವಲ್ಲ, ಅಲರ್ಜಿ. ಒಂದು ಉದಾಹರಣೆಯಿಂದ ನೋಡೋಣ. ಹುಡುಗಿಯೊಬ್ಬಳು ದೀಪಾವಳಿಗೆ ಕಪ್ಪು ಕೋನ್ ಹಾಕಿಸಿಕೊಂಡಳು. ಏನೂ ಆಗಲಿಲ್ಲ. ಆದರೆ ಪಿಪಿಡಿ ಚರ್ಮದೊಳಗೆ ಇಳಿದು, ಮುಂದಿನ ಒಂದೆರಡು ವಾರಗಳಲ್ಲಿ ಅವಳ ರೋಗನಿರೋಧಕ ಕಣಗಳು ಅದನ್ನು ಶತ್ರುವೆಂದು ಗುರುತಿಟ್ಟುಕೊಂಡವು. ಮೇ ತಿಂಗಳಲ್ಲಿ ಅಕ್ಕನ ಮದುವೆಗೆ ಮತ್ತೆ ಅದೇ ಕೋನ್. ಎರಡನೇ ದಿನ ತುರಿಕೆ, ಉರಿ. ಮೂರನೇ ದಿನ ಬಳ್ಳಿ, ಹೂವಿನ ಗೆರೆಗಳ ಮೇಲೆಯೇ ಚರ್ಮ ಕೆಂಪಾಗಿ ಊದಿ, ನೀರುಗುಳ್ಳೆಗಳು ಎದ್ದವು. ವಾಸಿಯಾದ ಮೇಲೂ ಅದೇ ಚಿತ್ತಾರದಲ್ಲಿ ಬಿಳಿಚಿದ ಇಲ್ಲವೇ ಕಪ್ಪಾದ ಗುರುತು ತಿಂಗಳುಗಟ್ಟಲೆ ಉಳಿಯಬಹುದು.

ಕಷ್ಟ ಇಲ್ಲಿಗೇ ಮುಗಿಯುವುದಿಲ್ಲ. ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಮುಂದೆ ಅವಳು ಹೇರ್ ಡೈ ಹಚ್ಚಿದರೆ ತಲೆ, ಕಣ್ಣಿನ ರೆಪ್ಪೆ, ಮುಖ ಊದಿಕೊಳ್ಳಬಹುದು. ಬೆಂಜೊಕೇನ್‌ನಂಥ ಮರಗಟ್ಟಿಸುವ ಔಷಧಿಗಳೂ ಕೆಲವರಿಗೆ ಆಗಿಬರುವುದಿಲ್ಲ.

"ಮೊದಲು ಸ್ವಲ್ಪ ಹಚ್ಚಿ ನೋಡುತ್ತೇನೆ" ಎಂದರೂ ಪ್ರಯೋಜನವಿಲ್ಲ. ಆ ಒಂದು ಚುಕ್ಕೆಯೇ ಅಲರ್ಜಿಗೆ ನಾಂದಿಯಾಗಬಹುದು.

ಕೊಳ್ಳುವಾಗ ಏನು ನೋಡಬೇಕು?

ಮೊದಲು ಸಮಯ ಕೇಳಿ. ಒಂದು ಗಂಟೆಯೊಳಗೆ ಗಾಢ ಬಣ್ಣ ಬರುತ್ತದೆ ಎಂದರೆ, ಬಣ್ಣ ಕಪ್ಪಿರಲಿ ಕೆಂಪಿರಲಿ, ಅದರಲ್ಲಿ ಎಲೆಯಲ್ಲದ ಬೇರೇನೋ ಇದೆ. ಎರಡನೆಯದು ಬಾಳಿಕೆ. ಎಲೆಯ ಪುಡಿಯಿಂದ ಕಲಸಿದ ಮೆಹಂದಿ ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಬಣ್ಣ ಬಿಡುವ ಶಕ್ತಿ ಕಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಅಂಗಡಿಯಲ್ಲಿ ತೂಗಾಡುವ ಕೋನ್ ಬೇಡ. "ನ್ಯಾಚುರಲ್" ಎಂದು ಬರೆದಿದ್ದು, ಒಳಗೆ ಏನೇನಿದೆ ಎಂಬ ಪಟ್ಟಿಯೇ ಇಲ್ಲದಿದ್ದರೆ ಆ ಮಾತನ್ನು ನಂಬಬೇಡಿ.

ಮನೆಯಲ್ಲೇ ಕಲಸುವುದಾದರೆ ಬರೀ ಎಲೆಯ ಪುಡಿ ಸಾಕು. ಕೂದಲಿಗೆಂದು ಮಾರುವ "ಬ್ಲ್ಯಾಕ್ ಮೆಹಂದಿ" ಪುಡಿಯಲ್ಲಿ ಪಿಪಿಡಿ ಇರಬಹುದು, ಅದನ್ನು ಬೆರೆಸಬೇಡಿ. ಜಿ6ಪಿಡಿ ಕೊರತೆ ಇರುವ ಮಕ್ಕಳಿಗೆ ಮಾತ್ರ ಶುದ್ಧ ಮೆಹಂದಿಯೂ ಬೇಡ. ಅದು ಅವರ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ಉರಿ ಶುರುವಾದರೆ

ಕೋನ್ ಇನ್ನೂ ಕೈಮೇಲಿದ್ದರೆ ಕೂಡಲೇ ಸೋಪು ಹಾಕಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಬಣ್ಣ ಪೂರ್ತಿ ಹೋಗುವುದಿಲ್ಲ, ಅದಕ್ಕಾಗಿ ಉಜ್ಜಬೇಡಿ. ತಣ್ಣೀರಿನ ಬಟ್ಟೆ ಇಡಿ. ಗುಳ್ಳೆ ಒಡೆಯಬೇಡಿ. ಟೂತ್‌ಪೇಸ್ಟ್, ಸುಣ್ಣ, ನಿಂಬೆರಸ ಹಚ್ಚಬೇಡಿ. ಅಂಗಡಿಯಲ್ಲಿ ಕೇಳಿ ಯಾವುದೋ ಮುಲಾಮು ತರುವ ಬದಲು ಚರ್ಮದ ವೈದ್ಯರನ್ನು ಕಾಣಿರಿ. ಸಾಮಾನ್ಯವಾಗಿ ಅವರು ಕೆಲವು ದಿನಗಳಿಗೆ ಸ್ಟೀರಾಯ್ಡ್ ಮುಲಾಮು ಬರೆದುಕೊಡುತ್ತಾರೆ. ಕೀವು, ಜ್ವರ ಬಂದರೆ ಸೋಂಕು ಸೇರಿದೆ ಎಂದರ್ಥ, ತಡಮಾಡಬೇಡಿ. ಮುಖ, ತುಟಿ ಊದಿದರೆ ಅಥವಾ ಉಸಿರಾಟ ಕಷ್ಟವಾದರೆ 112ಕ್ಕೆ ಕರೆ ಮಾಡಿ, ಇಲ್ಲವೇ ನೇರವಾಗಿ ಆಸ್ಪತ್ರೆಗೆ ಹೋಗಿ.

ಗಾಯ ಮಾಸಿದ ಮೇಲೆ ಪ್ಯಾಚ್ ಟೆಸ್ಟ್ ಬಗ್ಗೆ ಕೇಳಿ. ಪಿಪಿಡಿ ಅಲರ್ಜಿ ಖಚಿತವಾದರೆ ಅದನ್ನು ನಿಮ್ಮ ಆರೋಗ್ಯ ದಾಖಲೆಯಲ್ಲಿ ಬರೆಸಿಡಿ. ಹಲ್ಲಿನ ವೈದ್ಯರಿಗೂ ಹೇಳಿ, ತಲೆಗೆ ಬಣ್ಣ ಹಚ್ಚುವ ಪಾರ್ಲರಿನವರಿಗೂ ಹೇಳಿ.