ಸಣ್ಣ ಪ್ಲಗ್, ದೊಡ್ಡ ಪ್ಲಗ್ ಮತ್ತು ಮೂರನೆಯ ಪಿನ್

ಹೊಸ ಕಂಪ್ಯೂಟರ್ ತಂದ ಎಷ್ಟೋ ಮನೆಗಳಲ್ಲಿ ಮೊದಲ ತೊಡಕು ಎದುರಾಗುವುದು ಗೋಡೆಯ ಬಳಿ. ವಯರಿನ ತುದಿಯಲ್ಲಿ ದಪ್ಪ ಪಿನ್ನುಗಳ 15 ಆಂಪಿಯರ್ ಪ್ಲಗ್. ಮೇಜಿನ ಪಕ್ಕದಲ್ಲಿರುವುದು 5 ಆಂಪಿಯರ್ ಸಾಕೆಟ್. ಟಿ.ವಿ.ಗೆ ಸಾಮಾನ್ಯವಾಗಿ ಈ ತೊಂದರೆಯಿಲ್ಲ. ಅದರದು ಸಣ್ಣ ಪ್ಲಗ್, ಹಲವು ಬಾರಿ ಎರಡೇ ಪಿನ್. ಹಾಗಾದರೆ ಕಂಪ್ಯೂಟರ್ ಅಷ್ಟೊಂದು ವಿದ್ಯುತ್ ಬೇಡುತ್ತದೆಯೇ? ಖಂಡಿತ ಇಲ್ಲ.

ಈ ಎರಡು ಗಾತ್ರಗಳು ಬ್ರಿಟಿಷರ ಬಳುವಳಿ. ದುಂಡು ಪಿನ್ನುಗಳ ಪ್ಲಗ್ಗುಗಳಿಗಾಗಿ ಬ್ರಿಟನ್ 1934ರಲ್ಲಿ ಬಿ.ಎಸ್. 546 ಎಂಬ ಮಾನಕವನ್ನು ಪ್ರಕಟಿಸಿತು. ಅದರಲ್ಲಿ 2, 5, 15 ಮತ್ತು 30 ಆಂಪಿಯರಿನ ಗಾತ್ರಗಳಿದ್ದವು. ದೀಪ, ಫ್ಯಾನು, ರೇಡಿಯೋಗಳಿಗೆ ಸಣ್ಣದು; ನೀರು ಕಾಯಿಸುವ, ಅಡುಗೆ ಮಾಡುವ ಉಪಕರಣಗಳಿಗೆ ದೊಡ್ಡದು. 1947ರಲ್ಲಿ ಬ್ರಿಟನ್ ಫ್ಯೂಸನ್ನು ಒಳಗೇ ಇಟ್ಟುಕೊಂಡ, ಚಪ್ಪಟೆ ಪಿನ್ನುಗಳ 13 ಆಂಪಿಯರ್ ಪ್ಲಗ್ಗನ್ನು ಮಾನಕವಾಗಿಸಿ ಕ್ರಮೇಣ ಅದಕ್ಕೆ ಹೊರಳಿತು. ಭಾರತ ಮಾತ್ರ ಹಳೆಯ 5 ಮತ್ತು 15ರ ಜೋಡಿಯನ್ನೇ ಉಳಿಸಿಕೊಂಡಿತು. ಈಗಿನ ಭಾರತೀಯ ಮಾನಕ ಐ.ಎಸ್. 1293ರಲ್ಲಿ ಇವು 6 ಮತ್ತು 16 ಆಂಪಿಯರ್ ಎನಿಸಿಕೊಂಡರೂ ಅಂಗಡಿಯವರ ಬಾಯಲ್ಲಿ ಹಳೆಯ ಹೆಸರೇ ಇದೆ.

ಇನ್ನು ಕಂಪ್ಯೂಟರಿನ ಲೆಕ್ಕ. 230 ವ್ಯಾಟ್ ಬಳಸುವ ಯಂತ್ರಕ್ಕೆ 230 ವೋಲ್ಟಿನಲ್ಲಿ ಬೇಕಾಗುವುದು ಸುಮಾರು 1 ಆಂಪಿಯರ್ ಅಷ್ಟೆ. ಆದರೆ ಯಂತ್ರದ ಹಿಂಬದಿಗೆ ಸಿಕ್ಕಿಸುವ ವಯರಿನ ತುದಿಯನ್ನು ಅಂತಾರಾಷ್ಟ್ರೀಯ ಮಾನಕ 10 ಆಂಪಿಯರಿಗೆ ರೂಪಿಸಿದೆ. ಅಷ್ಟು ತಾಳುವ ವಯರಿಗೆ ಸಣ್ಣ ಪ್ಲಗ್ ಸಾಲದು; ನಮ್ಮಲ್ಲಿ ಅದರ ಮೇಲಿರುವುದು ದೊಡ್ಡದೊಂದೇ. ಅಂದರೆ ಪ್ಲಗ್ಗಿನ ಗಾತ್ರ ಹೇಳುತ್ತಿರುವುದು ವಯರಿನ ಸಾಮರ್ಥ್ಯವನ್ನು, ಯಂತ್ರದ ಹಸಿವನ್ನಲ್ಲ. ಆದ್ದರಿಂದ ಕಂಪ್ಯೂಟರಿಗೆ ಸಣ್ಣ ಪ್ಲಗ್ಗಿನ ವಯರ್ ಹಾಕಿದರೆ ಬಾಧಕವಿಲ್ಲ. ಅದೇ ಉಪಾಯವನ್ನು 2,000 ವ್ಯಾಟಿನ ಗೀಜರಿಗೆ ಮಾಡಿದರೆ ಸುಮಾರು 9 ಆಂಪಿಯರ್ ಹರಿದು ಸಣ್ಣ ಸಾಕೆಟ್ ಕರಗಬಹುದು.

ಬಾಧಕವಿರುವುದು ಮೂರನೆಯ ಪಿನ್ನನ್ನು ಕೈಬಿಟ್ಟಾಗ. ಅರ್ಥ್ ಪಿನ್ ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ದಪ್ಪವಾಗಿರುವುದು ಅದು ತಪ್ಪಿಯೂ ಫೇಸಿನ ರಂಧ್ರದೊಳಗೆ ಹೋಗದಿರಲಿ ಎಂದು. ಉದ್ದವಾಗಿರುವುದು ಪ್ಲಗ್ ಹಾಕುವಾಗ ಭೂಮಿಯ ಸಂಪರ್ಕ ಮೊದಲು ಕೂಡಲಿ, ಕೀಳುವಾಗ ಕೊನೆಗೆ ಬಿಡಲಿ ಎಂದು. ಅನೇಕ ಸಾಕೆಟ್ಟುಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ರಂಧ್ರಗಳ ಮುಚ್ಚಳ ಸರಿಯುವುದೂ ಈ ಪಿನ್ ಒಳಹೊಕ್ಕಾಗಲೇ.

ಟಿ.ವಿ. ಎರಡೇ ಪಿನ್ನಿನಲ್ಲಿ ನಡೆಯುವುದು ಅದರ ಒಳಭಾಗಕ್ಕೆ ಇಮ್ಮಡಿ ನಿರೋಧಕ ಹೊದಿಕೆಯಿದ್ದು, ಮುಟ್ಟಬಹುದಾದ ಭಾಗಗಳು ಫೇಸಿನಿಂದ ದೂರವಿರುವುದರಿಂದ. ಮೇಜಿನ ಕಂಪ್ಯೂಟರಿನದು ಲೋಹದ ಪೆಟ್ಟಿಗೆ. ಅದರ ಪವರ್ ಸಪ್ಲೈ ರೇಡಿಯೋಗಳಿಗೆ ತೊಂದರೆ ಕೊಡದಿರಲೆಂದು ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಪೆಟ್ಟಿಗೆಗೆ ಒಂದೊಂದು ಪುಟ್ಟ ಕೆಪಾಸಿಟರ್ ಜೋಡಿಸಿರುತ್ತಾರೆ. ಅರ್ಥ್ ಇದ್ದರೆ ಅವುಗಳಿಂದ ಸೋರುವ ಅಲ್ಪ ವಿದ್ಯುತ್ ಸದ್ದಿಲ್ಲದೆ ನೆಲ ಸೇರುತ್ತದೆ. ಪಿನ್ ಕತ್ತರಿಸಿ ಎರಡು ರಂಧ್ರದ ಬೋರ್ಡಿಗೆ ಸಿಕ್ಕಿಸಿದರೆ ಪೆಟ್ಟಿಗೆ ಫೇಸ್ ಮತ್ತು ನ್ಯೂಟ್ರಲುಗಳ ನಡುವೆ, ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಬರಿಗಾಲಲ್ಲಿ ನಿಂತು ಮುಟ್ಟಿದವರಿಗೆ ಜುಮ್ಮೆನ್ನುತ್ತದೆ. ಸ್ಕ್ರೂಗೆ ಟೆಸ್ಟರ್ ಇಟ್ಟರೆ ದೀಪ ಮಿನುಗುತ್ತದೆ. ಹರಿಯುವ ವಿದ್ಯುತ್ ಸಾಮಾನ್ಯವಾಗಿ 1 ಮಿಲಿಆಂಪಿಯರಿಗೂ ಕಡಿಮೆ. ಅದರಿಂದ ಜೀವಕ್ಕೆ ಅಪಾಯವಿಲ್ಲ. ಆದರೆ ಮೂರನೆಯ ಪಿನ್ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ ಅದು. ನಾಳೆ ಒಳಗಿನ ಫೇಸ್ ವಯರ್ ಸವೆದು ಪೆಟ್ಟಿಗೆಗೆ ತಾಗಿದರೆ ಫ್ಯೂಸ್ ಹೋಗುವುದಿಲ್ಲ, ಮುಟ್ಟಿದ ಮನುಷ್ಯನೇ ಅರ್ಥ್ ಆಗುತ್ತಾನೆ.

ಪಿನ್ ಇದ್ದ ಮಾತ್ರಕ್ಕೆ ಅರ್ಥ್ ಇದೆಯೆಂದೂ ಅಲ್ಲ. ಸಾಕೆಟ್ಟಿನ ಹಿಂದೆ ವಯರೇ ಇಲ್ಲದಿರಬಹುದು. ಕೆಲವರು ಅಲ್ಲೇ ನ್ಯೂಟ್ರಲನ್ನು ಅರ್ಥಿಗೆ ಸೇರಿಸಿಬಿಡುತ್ತಾರೆ. ನ್ಯೂಟ್ರಲ್ ಎಲ್ಲಾದರೂ ತುಂಡಾದ ಕ್ಷಣ ಪೆಟ್ಟಿಗೆಯೇ ಫೇಸ್ ಆಗುತ್ತದೆ. ನೆಲದಲ್ಲಿ ಹೂತ ಅರ್ಥ್ ಕೂಡ ಬೇಸಿಗೆಯಲ್ಲಿ ಒಣಗಿ 20 ಓಮ್ ರೋಧ ತೋರಿದರೆ ಹರಿಯುವುದು ಸುಮಾರು 11 ಆಂಪಿಯರ್. 15ರ ಫ್ಯೂಸ್ ಅದಕ್ಕೆ ಕರಗದು. ಅಂಥ ಕಡೆ ಕಾಪಾಡುವುದು 30 ಮಿಲಿಆಂಪಿಯರ್ ಸೋರಿದರೂ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ. ಮನೆಗೆ ಎಲೆಕ್ಟ್ರಿಷಿಯನ್ ಬಂದಾಗ ಸಾಕೆಟ್ಟಿನ ಮೂರನೆಯ ರಂಧ್ರವನ್ನೂ ಪರೀಕ್ಷಿಸಲು ಹೇಳುವುದು ಕಂಪ್ಯೂಟರ್ ಕೊಂಡವರು ಮಾಡಬೇಕಾದ ಮೊದಲ ಕೆಲಸ.